ಅರಬ್ಬಿ ಪರದೆಯಲ್ಲಿ ಟಾಕ್‌ಬ್ಯಾಕ್ ನಿಲ್ಲಿಸುವುದು ಹೀಗೆ

ಅಣ್ಣನ ಹಳೆಯ ಆಂಡ್ರಾಯ್ಡ್ ಫೋನಿನ ಅರಬ್ಬಿ ಸೆಟ್ಟಿಂಗ್ಸ್ ಪರದೆಯ ಸ್ಕ್ರೀನ್‌ಶಾಟ್ ಹಾಕಿ, ಮುಟ್ಟಿದ್ದನ್ನೆಲ್ಲ ಫೋನ್ ಓದುವುದನ್ನು ನಿಲ್ಲಿಸುವುದು ಹೇಗೆ ಎಂದು ಕೇಳಿದವರಿಗೆ: ಅರಬ್ಬಿ ಅಕ್ಷರಗಳನ್ನು ಬಿಡಿ, ಇಂಗ್ಲಿಷಿನಲ್ಲೇ ಇರುವ TalkBack ಸಾಲು ನೋಡಿ. ಮುಟ್ಟಿದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿರುವುದು ಅದೇ. ಅರಬ್ಬಿಯಲ್ಲಿ ಇಡೀ ಪರದೆ ಎಡಬಲ ಬದಲಾಗಿರುತ್ತದೆ, ಹಾಗಾಗಿ ಸ್ವಿಚ್ಚನ್ನು ಎಡ ಅಂಚಿನಲ್ಲಿ ಹುಡುಕಿ.

ಒಮ್ಮೆ ಮುಟ್ಟಿದರೆ ಅದರ ಸುತ್ತ ಬಣ್ಣದ ಚೌಕಟ್ಟು ಮೂಡುತ್ತದೆ, ಅಷ್ಟೇ. ಫೋನ್ ಕೆಟ್ಟಿದೆ ಎಂದು ಅನೇಕರು ಕೈಬಿಡುವುದು ಇಲ್ಲಿಯೇ. ಚೌಕಟ್ಟು ಸ್ವಿಚ್ಚಿನ ಮೇಲೆ ಬಂದ ನಂತರ ಬೇಗನೆ ಎರಡು ಸಲ ತಟ್ಟಿ. ಪಟ್ಟಿ ಸರಿಸಲು ಎರಡು ಬೆರಳು ಬೇಕು. ಖಚಿತವೇ ಎಂದು ಕೇಳುವ ಪೆಟ್ಟಿಗೆ ಬಂದರೆ إلغاء ಎಂಬುದು ರದ್ದು. ಅದನ್ನು ಬಿಟ್ಟು ಇನ್ನೊಂದು ಗುಂಡಿಯನ್ನು ಹೀಗೆಯೇ ಒತ್ತಿ. ಶಾರ್ಟ್‌ಕಟ್ ಚಾಲೂ ಇದ್ದರೆ ಧ್ವನಿಯ ಎರಡೂ ಗುಂಡಿಗಳನ್ನು 3 ಸೆಕೆಂಡು ಒಟ್ಟಿಗೆ ಒತ್ತಿಹಿಡಿದರೂ ಸಾಕು.