ಸಿಬ್ಬಂದಿಗೆ ಫ್ಲ್ಯಾಟ್ ಹಿಡಿದಿದ್ದೀರಾ? ಜಿಎಸ್‌ಟಿ ಕಟ್ಟುವವರು ನೀವೇ

ಮನೆ ಮಾಲೀಕರಿಗೆ ಜಿಎಸ್‌ಟಿ ನಂಬರ್ ಇಲ್ಲ. ಬಾಡಿಗೆ ರಸೀದಿಯಲ್ಲಿ ತೆರಿಗೆಯ ಸುದ್ದಿಯೇ ಇಲ್ಲ. ಹಾಗಾಗಿ ಕಂಪನಿಯ ಅಕೌಂಟ್ಸ್‌ನವರು ಸುಮ್ಮನಿರುತ್ತಾರೆ. ಎಡವಟ್ಟು ಶುರುವಾಗುವುದೇ ಇಲ್ಲಿ. 2022ರ ಜುಲೈ 18ರಿಂದ, ವಾಸದ ಮನೆಯನ್ನು ಜಿಎಸ್‌ಟಿ ನೋಂದಣಿ ಇರುವವರು ಬಾಡಿಗೆಗೆ ಪಡೆದರೆ ಶೇ 18ರಷ್ಟು ತೆರಿಗೆಯನ್ನು ಬಾಡಿಗೆದಾರರೇ ಸರ್ಕಾರಕ್ಕೆ ಕಟ್ಟಬೇಕು. ರಿವರ್ಸ್ ಚಾರ್ಜ್ ಅಂದರೆ ಇದೇ. ಮಾಲೀಕರಿಗೆ ನೋಂದಣಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಪೀಣ್ಯದಲ್ಲಿ ಒಂದು ಮೆಷಿನ್ ಬಿಡಿಭಾಗಗಳ ಕಂಪನಿ ಇದೆ ಅಂದುಕೊಳ್ಳಿ. ಹುಬ್ಬಳ್ಳಿ, ಬೆಳಗಾವಿಯಿಂದ ಕೆಲಸಕ್ಕೆ ಬರುವ ಎಂಜಿನಿಯರ್‌ಗಳು ಉಳಿಯಲೆಂದು ಯಶವಂತಪುರದಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಹಿಡಿದಿದೆ. ಮಾಲೀಕರು ನಿವೃತ್ತ ಮೇಷ್ಟ್ರು, ನೋಂದಣಿ ಇಲ್ಲ. ಬಾಡಿಗೆ ₹30,000. ಮೇಂಟೆನೆನ್ಸ್ ₹3,000, ಅದನ್ನೂ ಅವರೇ ಸೇರಿಸಿ ವಸೂಲಿ ಮಾಡುತ್ತಾರೆ.

ಮೊದಲು ಕರಾರು ಯಾರ ಹೆಸರಿನಲ್ಲಿದೆ ನೋಡಿ. ಕಂಪನಿಯ ಹೆಸರಿನಲ್ಲಿದ್ದರೆ ತೆರಿಗೆ ಬೀಳುತ್ತದೆ. ನೋಂದಣಿ ಇಲ್ಲದ ನೌಕರನೇ ತನ್ನ ಹೆಸರಿನಲ್ಲಿ ಮನೆ ಹಿಡಿದು, ಕಂಪನಿ ಬರೀ ಎಚ್‌ಆರ್‌ಎ ಕೊಟ್ಟರೆ ಬೀಳುವುದಿಲ್ಲ. ಒಬ್ಬರೇ ಮಾಲೀಕರಿರುವ ವ್ಯವಹಾರದಲ್ಲಿ, ಆ ಮಾಲೀಕರು ತಾವು ವಾಸಿಸಲು ಸ್ವಂತ ಖರ್ಚಿನಲ್ಲಿ ಮನೆ ಹಿಡಿದರೂ ವಿನಾಯಿತಿ ಇದೆ. ಆದರೆ ಆ ಬಾಡಿಗೆ ವ್ಯವಹಾರದ ಲೆಕ್ಕಕ್ಕೆ ಬರಬಾರದು.

ಇನ್ನು ಲೆಕ್ಕ. ಮೇಂಟೆನೆನ್ಸ್ ಮಾಲೀಕರ ಕೈಗೇ ಹೋಗುವುದರಿಂದ ಅದೂ ಬಾಡಿಗೆಯ ಭಾಗವೇ. ₹33,000ಕ್ಕೆ ಶೇ 18 ಅಂದರೆ ₹5,940. ಅರ್ಧ ಸಿಜಿಎಸ್‌ಟಿ, ಅರ್ಧ ಎಸ್‌ಜಿಎಸ್‌ಟಿ, ತಲಾ ₹2,970. ಈ ದುಡ್ಡನ್ನು ಮೇಷ್ಟ್ರ ಬಾಡಿಗೆಯಿಂದ ಹಿಡಿಯುವಂತಿಲ್ಲ, ಅವರಿಗೆ ಪೂರ್ತಿ ₹33,000 ಕೊಡಬೇಕು. ಅಡ್ವಾನ್ಸ್ ವಾಪಸ್ ಬರುವ ಠೇವಣಿಯಾದ್ದರಿಂದ ಅದಕ್ಕೆ ತೆರಿಗೆ ಇಲ್ಲ. ಆದರೆ ಮನೆ ಬಿಡುವಾಗ ‘ಕೊನೆಯ ಎರಡು ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲೇ ಮುರ್ಕೊಳ್ಳಿ’ ಅನ್ನುವುದು ನಮ್ಮಲ್ಲಿ ಮಾಮೂಲಿ ಅಲ್ವಾ? ಹಾಗೆ ಮುರಿದುಕೊಂಡ ಮೊತ್ತ ಬಾಡಿಗೆಯಾಗುತ್ತದೆ, ತೆರಿಗೆಯೂ ಬೀಳುತ್ತದೆ. ಬ್ಯಾಂಕಿನಿಂದ ದುಡ್ಡು ಹೋಗಿರುವುದಿಲ್ಲ, ಹಾಗಾಗಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಮಾಲೀಕರಿಗೆ ನೋಂದಣಿ ಇಲ್ಲದಿದ್ದರೆ ಬಿಲ್ ಕೂಡ ನೀವೇ ಮಾಡಿಕೊಳ್ಳಬೇಕು. ಇದಕ್ಕೆ ಸೆಲ್ಫ್ ಇನ್‌ವಾಯ್ಸ್ ಅನ್ನುತ್ತಾರೆ. ಅದರಲ್ಲಿ ಮೇಷ್ಟ್ರ ಹೆಸರು, ವಿಳಾಸ, ನಿಮ್ಮ ಜಿಎಸ್‌ಟಿ ನಂಬರ್, ಎಸ್‌ಎಸಿ ಕೋಡ್ 997211, ಮೊತ್ತ, ತೆರಿಗೆ ಇರಲಿ. ತೆರಿಗೆ ರಿವರ್ಸ್ ಚಾರ್ಜ್‌ನಲ್ಲಿದೆ ಎಂದೂ ಬರೆಯಿರಿ. 2024ರ ನವೆಂಬರ್‌ನಿಂದ ಇದಕ್ಕೆ 30 ದಿನಗಳ ಗಡುವಿದೆ. ಬಾಡಿಗೆ ಹಾಕಿದ ದಿನವೇ ಇದನ್ನೂ ಪೇಮೆಂಟ್ ವೋಚರ್ ಅನ್ನೂ ಮಾಡಿಟ್ಟರೆ ಮರೆಯುವ ಮಾತೇ ಇಲ್ಲ.

ನಂತರ ರಿಟರ್ನ್. ಜೂನ್ 5ಕ್ಕೆ ಬಾಡಿಗೆ ಕೊಟ್ಟರೆ ಅದು ಜೂನ್ ತಿಂಗಳ GSTR-3Bಗೆ ಸೇರುತ್ತದೆ. ಪ್ರತಿ ತಿಂಗಳೂ ರಿಟರ್ನ್ ಸಲ್ಲಿಸುವವರಿಗೆ ಗಡುವು ಜುಲೈ 20. 3.1(d) ಸಾಲಿನಲ್ಲಿ ₹33,000 ಮತ್ತು ತೆರಿಗೆ ತುಂಬಿ. ನೋಂದಣಿ ಇಲ್ಲದ ಮಾಲೀಕರ ಬಾಡಿಗೆ ಪೋರ್ಟಲ್‌ನಲ್ಲಿ ತಾನಾಗಿ ಬಂದು ಕೂರುವುದಿಲ್ಲ, ಕೈಯಾರೆ ಟೈಪ್ ಮಾಡಬೇಕು. ಬಿಟ್ಟುಹೋಗುವುದು ಜಾಸ್ತಿ ಇದೇ ಕಾರಣಕ್ಕೆ. ಕ್ರೆಡಿಟ್ ಲೆಡ್ಜರ್‌ನಲ್ಲಿ ಲಕ್ಷಗಟ್ಟಲೆ ಬಿದ್ದಿದ್ದರೂ ಈ ₹5,940ಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ. ಚಲನ್ ಮಾಡಿ ಕ್ಯಾಶ್ ಲೆಡ್ಜರ್‌ನಿಂದಲೇ ಕಟ್ಟಬೇಕು.

ಕಟ್ಟಿದ್ದನ್ನು ಅದೇ ರಿಟರ್ನ್‌ನ 4(A)(3) ಸಾಲಿನಲ್ಲಿ ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಳ್ಳಬಹುದು. ಕೆಲಸದ ಮೇಲೆ ಬಂದವರು ಉಳಿಯುವ ಫ್ಲ್ಯಾಟ್ ವ್ಯವಹಾರದ ಖರ್ಚೇ. ಯಾರು, ಯಾವ ಕೆಲಸಕ್ಕೆ, ಎಷ್ಟು ದಿನ ಉಳಿದರು ಎಂಬ ರಿಜಿಸ್ಟರ್ ಇಟ್ಟಿರಿ. ಒಬ್ಬ ಅಧಿಕಾರಿಯ ಸಂಸಾರಕ್ಕೇ ಬಿಟ್ಟುಕೊಟ್ಟಿದ್ದರೆ, ಅದು ವೈಯಕ್ತಿಕ ಬಳಕೆ ಎಂದು ಇಲಾಖೆ ಕ್ರೆಡಿಟ್‌ಗೆ ತಕರಾರು ತೆಗೆಯಬಹುದು. ಕಾಂಪೊಸಿಷನ್ ಸ್ಕೀಮಿನವರಿಗಂತೂ ಕ್ರೆಡಿಟ್ಟೇ ಇಲ್ಲ, ಕಟ್ಟಿದ್ದು ಪೂರ್ತಿ ಖರ್ಚು.

ಕ್ರೆಡಿಟ್ ಹೇಗೂ ವಾಪಸ್ ಬರುತ್ತದಲ್ಲ, ತಡವಾದರೇನು ಅನ್ನುವವರಿದ್ದಾರೆ. ತಡವಾದರೆ ವರ್ಷಕ್ಕೆ ಶೇ 18 ಬಡ್ಡಿ. ₹5,940 ಒಂದು ವರ್ಷ ತಡವಾದರೆ ಸುಮಾರು ₹1,069. ತೆರಿಗೆಗೆ ಕ್ರೆಡಿಟ್ ಸಿಗುತ್ತದೆ, ಬಡ್ಡಿಗೆ ಸಿಗುವುದಿಲ್ಲ. ಹಳೆಯ ತಿಂಗಳುಗಳು ಬಿಟ್ಟುಹೋಗಿದ್ದರೆ ಈಗಲೇ ಸೆಲ್ಫ್ ಇನ್‌ವಾಯ್ಸ್ ಮಾಡಿ, ಬಡ್ಡಿ ಸಮೇತ ಕಟ್ಟಿ. ಕ್ರೆಡಿಟ್‌ನ ಗಡುವನ್ನು ಆ ಇನ್‌ವಾಯ್ಸ್ ಮಾಡಿದ ಹಣಕಾಸು ವರ್ಷದಿಂದಲೇ ಲೆಕ್ಕ ಹಾಕಬೇಕೆಂದು 2024ರ ಜೂನ್‌ನ ಸುತ್ತೋಲೆ ಹೇಳಿದೆ.

ಫ್ಲ್ಯಾಟ್ ಮುಂಬೈಯಲ್ಲಿದ್ದರೆ ಕಥೆ ಬೇರೆ. ಮನೆ ಇರುವ ರಾಜ್ಯದಲ್ಲೇ ತೆರಿಗೆ ಬೀಳುವುದರಿಂದ ಕರ್ನಾಟಕದ ನಂಬರ್‌ಗೆ ಅದರ ಕ್ರೆಡಿಟ್ ಸಿಗುವುದಿಲ್ಲ. ಕರಾರಿಗೆ ಸಹಿ ಹಾಕುವ ಮೊದಲೇ ನಿಮ್ಮ ಸಿಎ ಹತ್ತಿರ ಕೂತು ಮಾತಾಡಿ.