ಕಿಟಕಿ ಬಾಗಿಲಾದರೆ ಬದಲಾವಣೆಗಳ ಪಟ್ಟಿಯಲ್ಲಿ ಏನು ಬರೆಯಬೇಕು

ಉಡುಪಿಯಲ್ಲಿ ಮನೆ ಕೆಲಸವನ್ನು ಒಟ್ಟು ಮೊತ್ತಕ್ಕೆ ವಹಿಸಿಕೊಂಡಾಗ ಒಪ್ಪಂದದ ಜೊತೆಗೇ ಬದಲಾವಣೆಗಳ ಪಟ್ಟಿಯೊಂದನ್ನು ತೆರೆಯುತ್ತೇನೆ. ಕೇಳಿದ ಪ್ರತಿಯೊಂದಕ್ಕೂ ಒಂದು ನಂಬರು, ಒಂದು ಸಾಲು. ಬೇಡವೆಂದು ಬಿಟ್ಟದ್ದನ್ನೂ ಅಳಿಸುವುದಿಲ್ಲ, ಆ ನಂಬರನ್ನು ಬೇರೆಯದಕ್ಕೆ ಕೊಡುವುದೂ ಇಲ್ಲ.

ಒಂದು ಸಾಲು ಹೇಗೆ ತುಂಬುತ್ತದೆ ನೋಡಿ. ಕೆಂಪುಕಲ್ಲಿನ ಗೋಡೆ ಲಿಂಟಲ್‌ವರೆಗೆ ಎದ್ದಿತ್ತು. ಮಾಲಕರು ದುಬೈಯಲ್ಲಿ, ಕೆಲಸ ನೋಡಿಕೊಳ್ಳುವವರು ಅವರ ತಂದೆ. "ಹಿಂದಿನ ಕಿಟಕಿ ಉಂಟಲ್ಲ ಮಾರಾಯ್ರೆ, ಅದನ್ನು ಬಾಗಿಲು ಮಾಡಿಬಿಡಿ" ಅಂದರು. ಕಿಟಕಿ 4 ಅಡಿ ಅಗಲ, ಕೆಳಗಿನ ಗೋಡೆ 3 ಅಡಿ ಎತ್ತರ. ಕಿಟಕಿಗೂ ಬಾಗಿಲಿಗೂ ಲಿಂಟಲ್ 7 ಅಡಿಯಲ್ಲೇ ಇದ್ದುದರಿಂದ ಅದನ್ನು ಮುಟ್ಟಬೇಕಿಲ್ಲ. 12 ಚದರಡಿ ಗೋಡೆ ಒಡೆದರೆ ಸಾಕು.

ಹೆಚ್ಚುವರಿ ಖರ್ಚು: ಗೋಡೆ ಒಡೆದು ಅಂಚು ಸರಿಮಾಡಲು 2,600, ದಾರಂದ ಸಹಿತ ಎರಡು ಹಲಗೆಯ ಬಾಗಿಲಿಗೆ 31,000, ಹೊಸ್ತಿಲಿನ ಗ್ರಾನೈಟಿಗೆ 1,400. ಒಟ್ಟು 35,000. ಕಿಟಕಿಯ ಹಲಗೆ ಮತ್ತು ಗ್ರಿಲ್ ಇನ್ನೂ ಮಾಡಿಸಿರಲಿಲ್ಲ, ಹಾಗಾಗಿ 12,500 ಕಳೆಯಬೇಕು. ಕಿಟಕಿಯ ದಾರಂದ ಮಾತ್ರ ತಯಾರಾಗಿತ್ತು. ಅದರ ಹಣ ಕಳೆಯಲಾಗದು, ದಾರಂದ ಮಾಲಕರಿಗೇ ಸೇರುತ್ತದೆ. ನಿವ್ವಳ 22,500. ಜಗಳ ಹುಟ್ಟುವುದೇ ಇಲ್ಲಿ: ಕೂಡಿದ್ದನ್ನು ಮಾತ್ರ ಬರೆದು ಕಳೆದದ್ದನ್ನು ಬಿಟ್ಟರೆ ಮಾಲಕರು ಮುಂದೆ ಯಾವ ಅಂಕಿಯನ್ನೂ ನಂಬುವುದಿಲ್ಲ.

ದಿನಗಳ ಲೆಕ್ಕ ಇನ್ನೂ ಸೂಕ್ಷ್ಮ. ಆಚಾರಿಗೆ ಬಾಗಿಲು ಮಾಡಲು 12 ದಿನ ಬೇಕಾದರೂ ಪಟ್ಟಿಯಲ್ಲಿ 12 ಬರೆಯಬಾರದು. ಉಳಿದ ಕೋಣೆಗಳ ಗಾರೆ ನಡೆಯುತ್ತಲೇ ಇರುತ್ತದೆ. ಇಡೀ ಮನೆ ಹಸ್ತಾಂತರ ಎಷ್ಟು ಹಿಂದೆ ಬೀಳುತ್ತದೋ ಅಷ್ಟೇ ಬರೆಯಬೇಕು, ಇಲ್ಲಿ 2 ದಿನ. ಹೊರಗೋಡೆಯ ಗಾರೆ ಜೂನ್ ಮಳೆಗೆ ಸಿಕ್ಕುವ ಹಾಗಿದ್ದರೆ ಆ ಮಾತನ್ನು ಅದೇ ಸಾಲಿನಲ್ಲಿ ಸೇರಿಸುತ್ತೇನೆ.

ಒಪ್ಪಿಗೆ ಕೊಡುವವರು ಯಾರೆಂದು ಒಪ್ಪಂದದಲ್ಲೇ ಬರೆದಿರಬೇಕು. ತಂದೆಯವರ ಹೆಸರು "ಕೇಳಿದವರು" ಕಾಲಮ್ಮಿಗೆ ಹೋಗುತ್ತದೆ, ಒಪ್ಪಿಗೆ ಮಗನಿಂದಲೇ ಬರಬೇಕು. ನಂಬರು, ಮೊತ್ತ, ದಿನ ಮೂರನ್ನೂ ವಾಟ್ಸಾಪಿನಲ್ಲಿ ಕಳಿಸಿ, ಅದೇ ಸಂದೇಶಕ್ಕೆ "ಒಪ್ಪಿಗೆ" ಎಂಬ ಉತ್ತರ ತರಿಸಿಕೊಳ್ಳುತ್ತೇನೆ. ಹೆಬ್ಬೆರಳಿನ ಚಿತ್ರ ಸಾಲದು, ಅದು ನೋಡಿದ್ದಕ್ಕೋ ಒಪ್ಪಿದ್ದಕ್ಕೋ ಆಮೇಲೆ ಯಾರೂ ಹೇಳಲಾರರು. ದರಕ್ಕೆ 7 ದಿನದ ಅವಧಿ. ಅದು ಮೀರಿ ಗೋಡೆಗೆ ಗಾರೆ ಬಿದ್ದರೆ ಒಡೆಯುವ ಖರ್ಚೇ ಬೇರೆ.

ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡಿ, ಮೊತ್ತ G ಕಾಲಮ್ಮಿನಲ್ಲಿ, ಸ್ಥಿತಿ I ಕಾಲಮ್ಮಿನಲ್ಲಿ ಇದ್ದರೆ ಒಪ್ಪಿದವನ್ನು ಮಾತ್ರ ಕೂಡಲು:

```
=SUMIF(I:I,"ಒಪ್ಪಿಗೆ",G:G)
```

ಸ್ಥಿತಿಯನ್ನು ಪಟ್ಟಿಯಿಂದ ಆರಿಸುವಂತೆ ಮಾಡಿಡಿ. ಕೈಯಲ್ಲಿ "ಒಪ್ಪಿದೆ" ಎಂದು ಬರೆದರೆ ಆ ಸಾಲು ಸದ್ದಿಲ್ಲದೆ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಬಿಲ್ಲಿನಲ್ಲಿ "ಹೆಚ್ಚುವರಿ ಕೆಲಸ" ಎಂದು ಒಟ್ಟು ಮೊತ್ತ ಹಾಕದೆ, ಮುಗಿದ ಪ್ರತಿ ಬದಲಾವಣೆಯನ್ನೂ ಅದರ ನಂಬರಿನೊಂದಿಗೆ ಬೇರೆ ಬೇರೆಯಾಗಿ ತೋರಿಸುತ್ತೇನೆ.