ಅರ್ಥಧಾರಿಯ ಮಾತನ್ನು ಮ್ಯಾಪ್ ನುಂಗದಂತೆ ಮಾಡಿದ ಬಗೆ

ಬೆಂಗಳೂರಿನಿಂದ ಪುತ್ತೂರಿನ ಮನೆಗೆ ತಿಂಗಳಿಗೆ ಎರಡು ಸಲವಾದರೂ ಕಾರಿನಲ್ಲಿ ಹೋಗುತ್ತೇನೆ. ದಾರಿಯುದ್ದಕ್ಕೂ ತಾಳಮದ್ದಳೆ ಹಾಕಿಕೊಳ್ಳುವುದು ರೂಢಿ. ಅಪ್ಪ ಕ್ಯಾಸೆಟ್ಟುಗಳಲ್ಲಿ ಜತನ ಮಾಡಿಟ್ಟಿದ್ದ ಪ್ರಸಂಗಗಳನ್ನೆಲ್ಲ ಎಂಪಿ3 ಮಾಡಿಸಿ ನನ್ನ ಆಂಡ್ರಾಯ್ಡ್ ಫೋನಿಗೆ ತುಂಬಿಸಿಕೊಂಡಿದ್ದೇನೆ. ಫೋನು ಬ್ಲೂಟೂತ್‌ನಲ್ಲಿ ಕಾರಿನ ಸ್ಟೀರಿಯೋಗೆ ಸೇರಿಕೊಂಡಿರುತ್ತದೆ, ಗೂಗಲ್ ಮ್ಯಾಪ್ಸ್ ಕನ್ನಡದಲ್ಲಿ ದಾರಿ ಹೇಳುತ್ತಿರುತ್ತದೆ.

ತೊಂದರೆ ಏನೆಂದರೆ, ಭಾಗವತರ ಪದ್ಯದ ನಡುವೆ ಮ್ಯಾಪ್ ಮಾತಾಡಿದರೆ ಅಡ್ಡಿಯಿಲ್ಲ. ಪದ್ಯ ಸಣ್ಣಗಾಗುತ್ತದೆ, ಮತ್ತೆ ಏರುತ್ತದೆ. ಆದರೆ ಅರ್ಥಧಾರಿ ಪಾತ್ರವಾಗಿ ಆಡುವ ಅರ್ಥದ ನಡುವೆ ಮ್ಯಾಪ್ ಮಾತಾಡಿದರೆ ಕರ್ಣನ ಅರ್ಧ ವಾಕ್ಯ ಹೋದಂತೆಯೇ. ಪದ್ಯಕ್ಕೆ ಸರಿಹೋಗುವುದು ಮಾತಿಗೆ ಹೋಗದು.

ಇಷ್ಟನ್ನು ಸಹಿಸಿಕೊಂಡಿದ್ದೆ. ಒಂದು ಬೆಳಗ್ಗೆ ನೆಲಮಂಗಲ ಹತ್ತಿರವಾಗುವಾಗ ಅಮ್ಮನ ಫೋನು ಬಂತು. "ಎಲ್ಲಿ ಮುಟ್ಟಿದೆ ಮಗಾ?" ಎಂದು ಶುರುವಾದದ್ದು ಐದು ನಿಮಿಷ ನಡೆಯಿತು. ಆ ಹೊತ್ತಿನಲ್ಲಿ ಮ್ಯಾಪ್ ಒಂದು ಮಾತೂ ಆಡಲಿಲ್ಲ. ಹಾಸನದ ಕಡೆ ಹೊರಳಬೇಕಾದಲ್ಲಿ ಹೊರಳದೆ ತುಮಕೂರು ದಾರಿಯಲ್ಲಿ ನೇರ ಹೋದೆ. ಫೋನು ಇಟ್ಟ ಮೇಲೆ ತಾಳಮದ್ದಳೆಯೂ ಮರಳಿ ಬರಲಿಲ್ಲ, ಸ್ಟೀರಿಯೋದಲ್ಲಿ ಎಫ್‌ಎಂ ಶುರುವಾಗಿತ್ತು. ಆ ಸಲ ಮನೆ ತಲುಪಿದ ಮೇಲೆ, ಅಂಗಳದಲ್ಲಿ ನಿಂತ ಕಾರಿನೊಳಗೆ ಕೂತು, ಇದನ್ನು ಪೂರ್ತಿ ಅರ್ಥ ಮಾಡಿಕೊಂಡೇ ಏಳುವುದೆಂದು ನಿಶ್ಚಯಿಸಿದೆ.

ಮೊದಲು ಬ್ಲೂಟೂತ್ ಆಫ್ ಮಾಡಿದೆ. ಫೋನು ಒಂದೇ ಇದ್ದಾಗಲೂ ತೊಂದರೆ ಇದ್ದರೆ ಅದು ಫೋನಿನದು, ಕಾರಿಗೆ ಸೇರಿಸಿದಾಗ ಮಾತ್ರ ಕಾಣಿಸಿಕೊಂಡರೆ ಸ್ಟೀರಿಯೋದ್ದೋ ನಡುವಿನ ಬ್ಲೂಟೂತಿನದೋ. ಮ್ಯಾಪ್ ಮಾತಾಡಲಿ ಎಂದು ಊರೆಲ್ಲ ಸುತ್ತಬೇಕಿಲ್ಲ. ಮ್ಯಾಪ್ಸ್‌ನ ನ್ಯಾವಿಗೇಶನ್ ಸೆಟ್ಟಿಂಗ್ಸ್‌ನಲ್ಲಿ Play test sound ಒತ್ತಿದರೆ ಕೂತಲ್ಲೇ ಒಂದು ಮಾತು ಕೇಳಿಸುತ್ತದೆ. ಪ್ರಸಂಗ ಹಾಕಿ ಅದನ್ನು ಒತ್ತಿದೆ. ಕಾರಿನ ಹಂಗಿಲ್ಲದೆಯೂ ಅರ್ಥಧಾರಿಯ ಮಾತು ಮುಳುಗಿಯೇ ಹೋಯಿತು. ಅಂದರೆ ಇದು ಫೋನಿನೊಳಗಿನ ವಿಷಯ.

ಆಂಡ್ರಾಯ್ಡ್‌ನಲ್ಲಿ ಸದ್ದು ಮಾಡಬೇಕಾದ ಆ್ಯಪ್ ಮೊದಲು ಸಿಸ್ಟಮ್ಮಿನ ಬಳಿ 'ಆಡಿಯೋ ಫೋಕಸ್' ಕೇಳಬೇಕು. ಕೇಳುವ ಬಗೆಯಲ್ಲಿದೆ ಎಲ್ಲ ವ್ಯತ್ಯಾಸ. ಹಾಡಿನ ಆ್ಯಪ್ "ಇನ್ನು ನನ್ನದೇ" ಎಂದು ಕೇಳುತ್ತದೆ. ಆಗ ಮೊದಲು ಹಾಡುತ್ತಿದ್ದದ್ದು ನಿಲ್ಲುತ್ತದೆ, ತಾನಾಗಿ ಮರಳುವುದಿಲ್ಲ. ಫೋನ್ ಕರೆ "ಸ್ವಲ್ಪ ಹೊತ್ತು, ನೀನು ಸುಮ್ಮನಿರು" ಎನ್ನುತ್ತದೆ. ಮ್ಯಾಪ್ "ಸ್ವಲ್ಪ ಹೊತ್ತು, ನೀನು ಮೆಲ್ಲಗೆ ಆಡುತ್ತಿದ್ದರೆ ಸಾಕು" ಎನ್ನುತ್ತದೆ. ಈ ಮೂರನೆಯದಕ್ಕೇ ಡಕಿಂಗ್ ಎನ್ನುವುದು, ತಲೆ ತಗ್ಗಿಸುವುದು ಎಂಬ ಅರ್ಥದಲ್ಲಿ.

2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಈ ತಗ್ಗಿಸುವ ಕೆಲಸವನ್ನು ಸಿಸ್ಟಮ್ಮೇ ಮಾಡುತ್ತದೆ, ಹಾಡುವ ಆ್ಯಪ್‌ಗೆ ತಿಳಿಸುವುದೂ ಇಲ್ಲ. ಆಂಡ್ರಾಯ್ಡ್‌ನ ಮೂಲ ಕೋಡ್‌ನಲ್ಲಿ ಸಾಮಾನ್ಯ ಡಕಿಂಗ್ ಎಂದರೆ ಸದ್ದನ್ನು ಐದನೇ ಒಂದಕ್ಕೆ, ಅಂದರೆ ಸುಮಾರು 14 ಡೆಸಿಬೆಲ್ ಇಳಿಸುವುದು. ಎಷ್ಟು ಇಳಿಯಬೇಕೆಂದು ನಾವು ಹೇಳಲು ನನ್ನ ಫೋನಿನಲ್ಲಿ ಯಾವ ಆಯ್ಕೆಯೂ ಇಲ್ಲ. ಆದರೆ ಒಂದು ವಿನಾಯಿತಿ ಇದೆ. "ನನ್ನಲ್ಲಿರುವುದು ಹಾಡಲ್ಲ, ಮಾತು" ಎಂದೋ "ನಾನು ತಗ್ಗುವುದಿಲ್ಲ, ನಿಲ್ಲುತ್ತೇನೆ" ಎಂದೋ ಆ್ಯಪ್ ಮೊದಲೇ ಹೇಳಿಕೊಂಡಿದ್ದರೆ, ಸಿಸ್ಟಮ್ ಸದ್ದು ಇಳಿಸದೆ ಅದಕ್ಕೆ ಸುದ್ದಿ ಮುಟ್ಟಿಸುತ್ತದೆ. ಆಮೇಲೆ ನಿಲ್ಲುವುದು ಆ್ಯಪ್‌ನ ಕೆಲಸ.

ನನ್ನ ಹಾಡಿನ ಆ್ಯಪ್‌ಗೆ ಎಲ್ಲವೂ ಹಾಡೇ. ಅದು ಸಿಸ್ಟಮ್ಮಿಗೆ ಹಾಗೆ ಹೇಳಿತ್ತು, ಸಿಸ್ಟಮ್ ಅದನ್ನು ನಂಬಿತ್ತು. ಪ್ರಸಂಗಗಳ ಫೋಲ್ಡರನ್ನು ಆಂಟೆನಾಪಾಡ್ ಎಂಬ ಪಾಡ್‌ಕಾಸ್ಟ್ ಆ್ಯಪ್‌ಗೆ ಸೇರಿಸಿದೆ. ಫೋನಿನಲ್ಲೇ ಇರುವ ಫೋಲ್ಡರನ್ನೂ ಅದು ತೆಗೆದುಕೊಳ್ಳುತ್ತದೆ. ಬೇರೆ ಆ್ಯಪ್ ಸದ್ದು ಮಾಡಲು ಬಂದಾಗ ದನಿ ತಗ್ಗಿಸುವ ಬದಲು ನಿಲ್ಲಿಸು ಎನ್ನುವ ಆಯ್ಕೆ ಅದರ ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿದೆ. ಅದನ್ನು ಆನ್ ಮಾಡಿ ಮತ್ತೆ ಪರೀಕ್ಷೆಯ ಸದ್ದು ಒತ್ತಿದೆ. ಕರ್ಣ ನಿಂತ, ಮ್ಯಾಪ್ ಹೇಳಿ ಮುಗಿಸಿತು, ಕರ್ಣ ಅಲ್ಲಿಂದಲೇ ಮುಂದುವರಿದ. ನನಗಾದ ಸಂತೋಷ ಹೇಳತೀರದು. ಬೆಂಗಳೂರಿನೊಳಗೆ ಮಾತ್ರ ಇದು ಹಿತವಲ್ಲ, ತಿರುವಿಗೊಂದು ಸೂಚನೆ ಬಂದು ಮಾತು ತುಂಡುತುಂಡಾಗುತ್ತದೆ. ಅಲ್ಲಿ ಹಾಡು ಕೇಳುತ್ತೇನೆ, ನೆಲಮಂಗಲ ದಾಟಿದ ಮೇಲೆ ಪ್ರಸಂಗ.

ಚೆಂಡೆಯ ಅಬ್ಬರದಲ್ಲಿ ಮ್ಯಾಪ್ ಕೇಳಿಸದೆ ನಾನು ವಾಲ್ಯೂಮ್ ಏರಿಸುತ್ತಿದ್ದದ್ದು ವ್ಯರ್ಥ ಎಂದೂ ಆವತ್ತೇ ಗೊತ್ತಾಯಿತು. ಎರಡೂ ಒಂದೇ ಮೀಡಿಯಾ ವಾಲ್ಯೂಮ್‌ಗೆ ಸೇರಿದವು, ಏರಿಸಿದರೆ ಜೊತೆಯಾಗಿಯೇ ಏರುತ್ತವೆ. ಮ್ಯಾಪ್ಸ್‌ನ Guidance volume ಅನ್ನು Louder ಮಾಡಿದರೆ ಮಾತ್ರ ಅದರ ದನಿ ಹಾಡಿಗಿಂತ ಮೇಲೇಳುತ್ತದೆ.

ಕರೆಯ ನಡುವೆ ಮ್ಯಾಪ್ ಮೌನವಾದದ್ದಕ್ಕೆ ಕಾರಣ ಸರಳವಾಗಿತ್ತು. ಅದೇ ಪಟ್ಟಿಯಲ್ಲಿ Play voice during phone calls ಆಫ್ ಆಗಿತ್ತು. ಆನ್ ಮಾಡಿದೆ. ಈಗ ಅಮ್ಮನ ಮಾತಿನ ಮೇಲೆ ಮ್ಯಾಪಿನ ಮಾತು ಬೀಳುತ್ತದೆ, "ಒಂದು ನಿಮಿಷ ಅಮ್ಮ" ಎನ್ನುತ್ತೇನೆ. ದಾರಿ ತಪ್ಪುವುದಕ್ಕಿಂತ ಇದು ಮೇಲು.

ಕರೆ ಮುಗಿದ ಮೇಲೆ ಪ್ರಸಂಗ ಮರಳದ್ದು ಮಾತ್ರ ಹೆಚ್ಚು ಹೊತ್ತು ಹಿಡಿಯಿತು. ಲ್ಯಾಪ್‌ಟಾಪಿಗೆ ಫೋನು ಜೋಡಿಸಿ, ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ತಮ್ಮನಿಂದ ಕರೆ ಮಾಡಿಸಿ ಇದನ್ನು ಓಡಿಸಿದೆ:

```
adb shell dumpsys audio
```

ಬರುವ ಉದ್ದನೆಯ ಬರಹದಲ್ಲಿ ಯಾರು ಫೋಕಸ್ ಹಿಡಿದಿದ್ದಾರೆ, ಯಾರು ಕಾಯುತ್ತಿದ್ದಾರೆ ಎಂಬ ಸಾಲುಗಳಿರುತ್ತವೆ. ಕರೆಯ ಹೊತ್ತಿನಲ್ಲಿ ಅಲ್ಲಿ `AudioFocus_For_Phone_Ring_And_Calls` ಎಂದು ಕಾಣಿಸಿತು. ಕರೆ ಮುಗಿದು ಮತ್ತೆ ಓಡಿಸಿದಾಗ ಅದು ಹೋಗಿತ್ತು, ಫೋಕಸ್ ಮತ್ತೆ ಆಂಟೆನಾಪಾಡ್ ಕೈಗೆ ಬಂದಿತ್ತು. ಫೋನಿನ ಪರದೆಯಲ್ಲಿ ಪ್ರಸಂಗದ ನಿಮಿಷ ಸೆಕೆಂಡು ಓಡುತ್ತಲೂ ಇತ್ತು. ಸದ್ದು ಮಾತ್ರ ಇಲ್ಲ. ಹಾಗಾದರೆ ತಪ್ಪು ಸ್ಟೀರಿಯೋದ್ದು. ಲ್ಯಾಪ್‌ಟಾಪ್ ಇಲ್ಲದಿದ್ದರೂ ಪರದೆ ನೋಡಿದರೆ ಸಾಕು: ಅಂಕಿ ಓಡುತ್ತಿದ್ದರೆ ಕಾರಿನ ಕಡೆ ನೋಡಿ, ನಿಂತಿದ್ದರೆ ಆ್ಯಪ್ ಕಡೆ.

ಬ್ಲೂಟೂತ್‌ನಲ್ಲಿ ಹಾಡಿಗೆ ಒಂದು ದಾರಿ, ಕರೆಗೆ ಇನ್ನೊಂದು. ಕರೆ ಬಂದಾಗ ಸ್ಟೀರಿಯೋ ಹಾಡಿನ ದಾರಿ ಬಿಟ್ಟು ಕರೆಯ ದಾರಿಗೆ ಹಾರುತ್ತದೆ, ಮುಗಿದಾಗ ಮರಳಬೇಕು. ನನ್ನದು ಮರಳುವಾಗ ಎಫ್‌ಎಂಗೆ ಹೋಗುತ್ತಿತ್ತು. ಅದರ ಸೆಟ್ಟಿಂಗ್ ಎಲ್ಲ ಜಾಲಾಡಿದೆ, ಮದ್ದು ಸಿಗಲಿಲ್ಲ. ಸ್ಟೀರಿಂಗ್ ಮೇಲಿನ ಸೋರ್ಸ್ ಬಟನ್ ಒಂದು ಸಲ ಒತ್ತಿದರೆ ಪ್ರಸಂಗ ಬರುತ್ತದೆ, ಈಗಲೂ ಹಾಗೆಯೇ ಮಾಡುತ್ತಿದ್ದೇನೆ.

ಇನ್ನೊಂದು ತೊಂದರೆಯೂ ಇತ್ತು, ಏನೂ ಹಾಕದೆ ಓಡಿಸುವಾಗ ಮ್ಯಾಪಿನ ಸೂಚನೆಯ ಮೊದಲ ಪದ ನುಂಗಿಹೋಗುತ್ತಿತ್ತು. ಅದು ಕೂಡ ಫೋನಿನ ಸ್ಪೀಕರಿನಲ್ಲಿ ಇರಲಿಲ್ಲ, ಕಾರಿನಲ್ಲಿ ಮಾತ್ರ ಇತ್ತು. ಸದ್ದಿಲ್ಲದಾಗ ಹಾಡಿನ ದಾರಿ ಮಲಗಿರುತ್ತದೆ, ಅದು ಎದ್ದು ಸ್ಟೀರಿಯೋ ಬಾಯಿ ಬಿಡುವಷ್ಟರಲ್ಲಿ "ಎಡಕ್ಕೆ" ಕಳೆದು "ತಿರುಗಿ" ಮಾತ್ರ ಉಳಿಯುತ್ತದೆ. ಏನಾದರೂ ಸಣ್ಣಗೆ ಹಾಡುತ್ತಿದ್ದರೆ ಪೂರ್ತಿ ಕೇಳುತ್ತದೆ. ಹಾಗಾಗಿ ಯಾವಾಗಲೂ ಏನಾದರೊಂದು ಹಾಕಿಕೊಂಡಿರುತ್ತೇನೆ.

ಕಾರಿನ ರೇಡಿಯೋ ಕೇಳುವಾಗ ಇದಾವುದೂ ನಡೆಯದು. ಆ ಸದ್ದು ಫೋನಿನಿಂದ ಬರುವುದೇ ಅಲ್ಲ, ಹಾಗಾಗಿ ಫೋನು ಅದನ್ನು ತಗ್ಗಿಸಲಾರದು. ಮ್ಯಾಪಿನ ಮಾತು ಬ್ಲೂಟೂತ್‌ನಲ್ಲಿ ಹೋದರೂ ನನ್ನ ಸ್ಟೀರಿಯೋ ಆಗ ಆ ಕಡೆ ಕಿವಿ ಕೊಟ್ಟಿರುವುದಿಲ್ಲ. ಬೆಳಗ್ಗೆ ಹಾಸನ ಆಕಾಶವಾಣಿ ಕೇಳಬೇಕೆನಿಸಿದರೆ, ಹೊರಡುವ ಮೊದಲೇ ಮ್ಯಾಪ್ಸ್‌ನಲ್ಲಿ Play voice over Bluetooth ಆಫ್ ಮಾಡಿ, ಸ್ಟ್ಯಾಂಡಿನಲ್ಲಿರುವ ಫೋನಿನ ಸ್ಪೀಕರಿನಿಂದಲೇ ದಾರಿ ಕೇಳಿಕೊಳ್ಳುತ್ತೇನೆ.